ಅಪ್‌ಡೇಟ್: ‘ತುರ್ತು ಟ್ರಾಲಿ ನೋಡಿಬಿಡಿ’ ಎಂಬ ಕೆಲಸ

ನನ್ನ ಪ್ರಶ್ನೆ: “ವಾರ್ಡ್ ತುಂಬಿರುವ ಪಾಳಿಯಲ್ಲಿ ‘ತುರ್ತು ಟ್ರಾಲಿ ನೋಡಿಬಿಡಿ’ ಎಂದರೆ ಎಲ್ಲಿಂದ ಆರಂಭಿಸಲಿ?”

ಅಪ್‌ಡೇಟ್: ಉತ್ತರಿಸಿದವರಿಗೆಲ್ಲ ಧನ್ಯವಾದಗಳು. ಏನೇನು ಆದರೆ ಕೆಲಸ ಮುಗಿದಂತೆ ಎಂದು ಇನ್‌ಚಾರ್ಜ್ ಸಿಸ್ಟರ್ ಅವರನ್ನು ಮೊದಲೇ ಕೇಳಿದೆ. ಔಷಧಿಗಳು, ಉಪಕರಣಗಳು ಎರಡನ್ನೂ ಪರಿಶೀಲಿಸಬೇಕೆಂದರು. ಆಮೇಲೆ ಪ್ರತಿ ಹಂತವನ್ನೂ ಹೌದು ಅಥವಾ ಇಲ್ಲ ಎಂದು ಉತ್ತರಿಸಲು ಬರುವಂತೆ ಬರೆದುಕೊಂಡೆ: ಲ್ಯಾರಿಂಗೋಸ್ಕೋಪಿಗೆ ಬ್ಲೇಡ್ ಜೋಡಿಸಿದಾಗ ದೀಪ ಉರಿಯುತ್ತದೆಯೇ, ಡಿಫಿಬ್ರಿಲೇಟರ್ ಸ್ವಯಂಪರೀಕ್ಷೆಯಲ್ಲಿ ಪಾಸಾಯಿತೇ, ಮೊದಲ ಡ್ರಾಯರಿನ ಔಷಧಿಗಳ ಸಂಖ್ಯೆ ಪಟ್ಟಿಗೆ ಹೊಂದುತ್ತದೆಯೇ. ಒಂದೊಂದು ಡ್ರಾಯರನ್ನೂ ಬೇರೆ ಹಂತವಾಗಿಸಿದ್ದು ನಿಜಕ್ಕೂ ನೆರವಾಯಿತು, ಏಕೆಂದರೆ ನಡುವೆ ರೋಗಿಯೊಬ್ಬರು ಕರೆದರೆಂದು ನಾನು ಎದ್ದುಹೋದಾಗಲೂ ಎಲ್ಲಿಂದ ಮುಂದುವರಿಸಬೇಕೆಂಬುದು ಕಾಗದದಲ್ಲೇ ಇತ್ತು. ‘ಅವಧಿ ಮೀರಿದೆಯೇ’ ಎಂಬ ಪ್ರಶ್ನೆ ಮಾತ್ರ ಸಾಲದು. ಮುಂದಿನ ತಪಾಸಣೆಯೊಳಗೆ ಅವಧಿ ಮುಗಿಯುವ ಔಷಧಿ ಅದರಲ್ಲಿ ಸಿಕ್ಕಿಬೀಳುವುದಿಲ್ಲವಾದ್ದರಿಂದ, ‘ಮುಂದಿನ ತಪಾಸಣೆಯವರೆಗೂ ಅವಧಿ ಇದೆಯೇ’ ಎಂದು ತಿದ್ದಿಕೊಂಡಿದ್ದೇನೆ. ಟ್ರಾಲಿಗೆ ಹೊಸ ಸೀಲ್ ಹಾಕಿ ಆ ಸೀಲಿನ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆಯುವುದು ಕೊನೆಯ ಹಂತ.