ನನಗೇನೂ ನಷ್ಟ ಆಗಿಲ್ಲ, ಪಾರ್ಕ್ ಉಳಿಸೋಕೆ ಕೋರ್ಟಿಗೆ ಹೋಗಬಹುದಾ?

ಬಾಡಿಗೆ ಮನೆ: ಪಕ್ಕದ ಲೇಔಟಿನ ಪಾರ್ಕ್ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡೋಕೆ ಹೊರಟಿದ್ದಾರೆ. ನನ್ನ ಸೈಟೂ ಅಲ್ಲಿಲ್ಲ, ಮನೆಯೂ ಅಲ್ಲಿಲ್ಲ. ವಕೀಲರೊಬ್ಬರು "ನಿಮಗೇನು ನಷ್ಟ ಆಯ್ತು? ಲೋಕಸ್ ಇಲ್ಲ", ಅಂದರೆ ಕೇಸು ಹಾಕೋ ಹಕ್ಕೇ ಇಲ್ಲ, ಅಂತ ಕಳಿಸಿಬಿಟ್ಟರು. ಪಿಐಎಲ್, ಅಂದರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಹಾಕಿದವರಿದ್ದರೆ ಅನುಭವ ಹೇಳಿ.

ಪೋಸ್ಟ್‌ಕಾರ್ಡ್ ಪುಟ್ಟಣ್ಣ: ವಕೀಲರೇ ಬೇಡ ಗುರೂ. ಮುಖ್ಯ ನ್ಯಾಯಮೂರ್ತಿಗೆ ಒಂದು ಕಾಗದ ಬರೆದು ಹಾಕಿ, ಅದನ್ನೇ ಪಿಐಎಲ್ ಅಂತ ತಗೊಳ್ಳುತ್ತಾರೆ. ಫರೀದಾಬಾದಿನ ಕಲ್ಲು ಕ್ವಾರಿ ಜೀತದಾಳುಗಳ ಕೇಸು ಶುರುವಾಗಿದ್ದೇ ಕಾಗದದಿಂದ. ಲೋಕಸ್ ಗೀಕಸ್ ಎಲ್ಲ ಯಾವತ್ತೋ ಹೋಯ್ತು.

ಹಳೇ ಕರಿಕೋಟು: ಪುಟ್ಟಣ್ಣ ಹೇಳಿದ್ದು ಅರ್ಧ ಸರಿ. ಕಾಗದದಿಂದ ಕೇಸು ಶುರುವಾದದ್ದು ನಿಜ, ಈಗಲೂ ಆಗುತ್ತೆ. ಆದರೆ ಯಾವ ಥರದ ಕಾಗದ ತಗೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಪಟ್ಟಿ ಮಾಡಿದೆ. ಜೀತ, ಜೈಲು, ಅನಾಥ ಮಕ್ಕಳು, ಇಂಥವು. ಯಾಕೆ ಗೊತ್ತಾ? ಕ್ವಾರಿಯ ಕೂಲಿಯವನು ತಾನಾಗಿ ಕೋರ್ಟಿಗೆ ಬರೋಕೆ ಆಗಲ್ಲ, ಅದಕ್ಕೇ ಇನ್ನೊಬ್ಬರು ಅವನ ಪರವಾಗಿ ಬರಬಹುದು. ಲೇಔಟಿನಲ್ಲಿ ಸ್ವಂತ ಮನೆ ಕಟ್ಟಿಕೊಂಡವರಿಗೆ ಆ ಮಾತು ಹೊಂದಲ್ಲ. ಅವರಿಗೆ ವಕೀಲರನ್ನಿಡೋ ಶಕ್ತಿ ಇದೆ, ಅಲ್ವಾ?

ನಿಮಗೆ ಬೇಕಾದದ್ದು ಇನ್ನೊಂದು ದಾರಿ. ನ್ಯಾಯಾಧೀಶರ ವರ್ಗಾವಣೆಯ ಕೇಸು, ಎಸ್.ಪಿ. ಗುಪ್ತಾ, 1981. ಅಲ್ಲಿ ಬಂದಿದ್ದವರು ವಕೀಲರು. ವರ್ಗ ಆಗೋದು ಜಡ್ಜು, ನಿಮಗೇನು ಅಂತ ಸರ್ಕಾರ ಕೇಳಿತು. ನ್ಯಾಯಮೂರ್ತಿ ಭಗವತಿ ಹೇಳಿದ್ದರ ತಿರುಳು ಇಷ್ಟೇ: ಕೆಲವು ತಪ್ಪುಗಳಲ್ಲಿ ಯಾರೊಬ್ಬರಿಗೂ ಪ್ರತ್ಯೇಕವಾಗಿ ಪೆಟ್ಟು ಬೀಳಲ್ಲ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಬೀಳುತ್ತೆ. ಪೆಟ್ಟು ತಿಂದವನೇ ಬರಬೇಕು ಅಂತ ಹಟ ಹಿಡಿದರೆ ಯಾರೂ ಬರಲ್ಲ, ಸರ್ಕಾರ ಕಾನೂನು ಮುರಿದುಕೊಂಡು ಆರಾಮಾಗಿ ಇರಬಹುದು. ಹಾಗಂತ ದಾರಿಹೋಕರಿಗೆಲ್ಲ ಬಾಗಿಲು ತೆರೆಯಲಿಲ್ಲ. ಒಳ್ಳೆಯ ಉದ್ದೇಶದಿಂದ ಬಂದಿರಬೇಕು ಅಂತ ಅಲ್ಲೇ ಕಟ್ಟಿಹಾಕಿದರು.

ನಿಮ್ಮ ವಕೀಲರಿಗೆ ತೋರಿಸಬೇಕಾದದ್ದು ಮಾತ್ರ ಬೆಂಗಳೂರಿನದ್ದೇ ಒಂದು ಕೇಸು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ, ಸುಪ್ರೀಂ ಕೋರ್ಟ್, 1991. ನಿಮ್ಮದೇ ಕಥೆ ಅನ್ನಿ. ಸದಾಶಿವನಗರದಲ್ಲಿ ನಕ್ಷೆಯಲ್ಲಿ ಪಾರ್ಕ್ ಅಂತ ಇದ್ದ ಜಾಗವನ್ನು 1976ರಲ್ಲಿ ಸರ್ಕಾರದ ಮಾತಿನ ಮೇಲೆ ಬಿಡಿಎ ಒಂದು ಟ್ರಸ್ಟಿಗೆ ಆಸ್ಪತ್ರೆ ಕಟ್ಟೋಕೆ ಕೊಟ್ಟಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು. ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿಗೆ ಹೋಯ್ತು. ಅಲ್ಲಿ ನಿವಾಸಿಗಳಿಗೆ ಕೇಸು ಹಾಕೋ ಹಕ್ಕೇ ಇಲ್ಲ ಅನ್ನೋ ಮಾತೂ ಬಂತು. ಕೋರ್ಟ್ ಒಪ್ಪಲಿಲ್ಲ. ಪಾರ್ಕಿನ ಗಾಳಿ ಬೆಳಕು ಜನರದ್ದು, ಅದು ಹೋದರೆ ಜನರೇ ಕೇಳಬೇಕು. ನ್ಯಾಯಮೂರ್ತಿ ಸಹಾಯ್ ಇನ್ನೂ ಮುಂದೆ ಹೋಗಿ, ವೈಯಕ್ತಿಕ ನಷ್ಟ ಆಗಿಲ್ಲ ಅನ್ನೋ ಹಳೇ ಅಳತೆಗೋಲು ಹಿಡಿದು ಇಂಥವರನ್ನು ಆಚೆ ಕಳಿಸಬಾರದು ಅಂತ ಬರೆದರು.

ಒಂದು ಎಚ್ಚರಿಕೆ. ಅಲ್ಲಿ ಬಂದವರು ಅದೇ ಬಡಾವಣೆಯವರು. ನೀವು ಪಕ್ಕದವರು. ಎದುರು ವಕೀಲರು ಅಷ್ಟನ್ನೇ ಹಿಡಿದು ಎಳೆಯುತ್ತಾರೆ.

ಟೀಚರಮ್ಮ: ಸರ್, ನಮ್ಮ ಶಾಲೆಯಲ್ಲಿ ಸೀನಿಯಾರಿಟಿ ಪಟ್ಟಿಯನ್ನು ಪೂರ್ತಿ ಉಲ್ಟಾ ಮಾಡಿದ್ದಾರೆ. ನನ್ನೊಬ್ಬಳದ್ದಲ್ಲ, ಹನ್ನೊಂದು ಜನರದ್ದು. ಇದೂ ಸಾರ್ವಜನಿಕರ ಪ್ರಶ್ನೆಯೇ ತಾನೆ, ನನ್ನ ತಂಗಿಯ ಹೆಸರಲ್ಲಿ ಪಿಐಎಲ್ ಹಾಕಿಸಬಹುದಾ?

ಹಳೇ ಕರಿಕೋಟು: ಬೇಡಮ್ಮ. ನೌಕರಿಯ ವಿಷಯಕ್ಕೆ ಪಿಐಎಲ್ ಇಲ್ಲ ಅಂತ 1998ರಲ್ಲೇ ದುರ್ಯೋಧನ ಸಾಹು ಕೇಸಿನಲ್ಲಿ ತೀರ್ಮಾನ ಆಗಿದೆ. ಪೆಟ್ಟು ಬಿದ್ದಿರೋದು ನಿಮಗೆ, ನೀವೇ ನಿಮ್ಮ ಹೆಸರಲ್ಲಿ ಹೋಗಿ. ತಂಗಿಯನ್ನು ಮುಂದೆ ಬಿಟ್ಟರೆ ಕೇಸು ಇನ್ನೂ ಹಾಳು.

ಕೆರೆ ಏರಿ: ನಾವು ಆರು ಜನ ಸೇರಿ ಆಟದ ಮೈದಾನಕ್ಕೆ ಪಿಐಎಲ್ ಹಾಕಿದ್ದೆವು. ಲೋಕಸ್ ಬಗ್ಗೆ ಜಡ್ಜ್ ಒಂದು ಮಾತೂ ಕೇಳಲಿಲ್ಲ, ನಿಜವಾಗ್ಲೂ. ಕೇಳಿದ್ದು "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಅಂತ. ಹಂಚಿಕೆ ಆಗಿ ಮೂರು ವರ್ಷ, ಕಟ್ಟಡ ಆಗಲೇ ಲಿಂಟಲ್ ಮಟ್ಟಕ್ಕೆ ಬಂದಿತ್ತು. ನಾವು ಬರೀ ಫೋಟೋ ಇಟ್ಟುಕೊಂಡು ಹೋಗಿದ್ದೆವು. ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ ಇರಲಿಲ್ಲ, ಪ್ರಾಧಿಕಾರಕ್ಕೆ ಮೊದಲು ಮನವಿ ಕೊಟ್ಟ ಸ್ವೀಕೃತಿಯೂ ಇರಲಿಲ್ಲ. ಎರಡೇ ನಿಮಿಷದಲ್ಲಿ ವಜಾ. ಹಾಗಾಗಿ ಮೊದಲು ಆರ್‌ಟಿಐ ಹಾಕಿ ನಕ್ಷೆ, ನಿರ್ಣಯದ ಪ್ರತಿ ತೆಗೆಸಿ. ಮನವಿ ಕೊಡಿ, ಸೀಲು ಹಾಕಿಸಿಕೊಳ್ಳಿ. ಉತ್ತರ ಬರಲಿ ಅಂತ ವರ್ಷಗಟ್ಟಲೆ ಕಾಯಬೇಡಿ.

ಪೋಸ್ಟ್‌ಕಾರ್ಡ್ ಪುಟ್ಟಣ್ಣ: ವಜಾ ಆದರೆ ಆಗಲಿ, ಜೇಬಿಂದ ಏನು ಹೋಗುತ್ತೆ?

ಕೆರೆ ಏರಿ: ಹೋಗುತ್ತೆ ಪುಟ್ಟಣ್ಣ. ನಮಗೆ ದಂಡ ಬೀಳಲಿಲ್ಲ, ಅದು ನಮ್ಮ ಪುಣ್ಯ.

ಹಳೇ ಕರಿಕೋಟು: ಉತ್ತರಾಖಂಡದ ಬಲವಂತ್ ಸಿಂಗ್ ಚೌಫಾಲ್ ಕೇಸಿನಲ್ಲಿ ಅರ್ಜಿದಾರರಿಗೆ 1 ಲಕ್ಷ ದಂಡ ಬಿತ್ತು, 2010ರಲ್ಲಿ. ಅರ್ಜಿದಾರ ಯಾರು, ಅವನ ಹಿಂದೆ ಯಾರಿದ್ದಾರೆ ಅಂತ ಮೊದಲೇ ನೋಡೋಕೆ ಎಲ್ಲ ಹೈಕೋರ್ಟುಗಳೂ ನಿಯಮ ಮಾಡಿ ಅಂದಿದ್ದೂ ಅದರಲ್ಲೇ. ನಮ್ಮ ಹೈಕೋರ್ಟಿಗೆ 2018ರ ಪಿಐಎಲ್ ನಿಯಮಗಳಿವೆ. ಹಾಸ್ಯ ನೋಡಿ, ಮೊದಲು ಸ್ವಂತ ಹಿತಾಸಕ್ತಿ ಇಲ್ಲದಿದ್ದರೆ ಆಚೆ ಕಳಿಸುತ್ತಿದ್ದರು. ಈಗ ಪಿಐಎಲ್ ಅಂತ ಬಂದವನಿಗೆ ಸ್ವಂತ ಹಿತಾಸಕ್ತಿ ಇದ್ದರೆ ಆಚೆ ಕಳಿಸುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ, ಬಾಡಿಗೆ ಮನೆಯವರೇ, ಆ ಪಾರ್ಕಿನ ಸುತ್ತ ನಿಮ್ಮವರದ್ದು ಏನಾದರೂ ಇದೆಯಾ?

ಬಾಡಿಗೆ ಮನೆ: ಹೇಳಬಾರದು ಅಂದುಕೊಂಡಿದ್ದೆ. ಆ ರಸ್ತೆಯಲ್ಲೇ ನಮ್ಮ ಅಣ್ಣನ ಕ್ಲಿನಿಕ್ ಇದೆ. ಆದರೆ ನಾನು ಹೊರಟಿರೋದು ಅದಕ್ಕಲ್ಲ, ದೇವರಾಣೆ. ಮಗಳನ್ನು ದಿನಾ ಸಂಜೆ ಅಲ್ಲಿಗೇ ಕರಕೊಂಡು ಹೋಗೋದು, ಜಾರುಬಂಡೆ ಪಕ್ಕ ಗೂಟ ಹೊಡೆದು ಸುಣ್ಣದ ಗೆರೆ ಎಳೆದಿದ್ದು ನೋಡಿಯೇ ಗೊತ್ತಾಗಿದ್ದು.

ಹಳೇ ಕರಿಕೋಟು: ನಂಬುತ್ತೇನೆ. ಆದರೆ ನರ್ಸಿಂಗ್ ಹೋಮಿನ ವಕೀಲರು ನಂಬಲ್ಲ. "ಪೈಪೋಟಿಗೆ ಹಾಕಿದ ಕೇಸು ಸ್ವಾಮಿ" ಅನ್ನೋ ಒಂದೇ ಮಾತು ಸಾಕು, ಪಾರ್ಕಿನ ವಿಷಯ ಪಕ್ಕಕ್ಕೆ ಹೋಗಿ ನಿಮ್ಮ ವಿಷಯ ಶುರುವಾಗುತ್ತೆ. ಹಾಕಿದರೆ ಅಣ್ಣನ ಕ್ಲಿನಿಕ್ಕನ್ನು ಪ್ರಮಾಣಪತ್ರದಲ್ಲಿ ನೀವೇ ಮೊದಲು ಬರೆಯಿರಿ. ಮುಚ್ಚಿಟ್ಟು ಆಮೇಲೆ ಹೊರಗೆ ಬಂದರೆ ಮುಗೀತು. ನನ್ನ ಕೇಳಿದರೆ ಪಿಐಎಲ್ಲೇ ಬೇಡ. ಅದೇ ಲೇಔಟಿನ ಇಬ್ಬರು ಸೈಟುದಾರರು ಮುದ್ದಪ್ಪ ಕೇಸಿನಂತೆ ತಮ್ಮ ಹೆಸರಲ್ಲೇ ಹೈಕೋರ್ಟಿಗೆ ಮಾಮೂಲಿ ರಿಟ್ ಅರ್ಜಿ ಹಾಕಲಿ. ನಕ್ಷೆಯಲ್ಲಿ ಪಾರ್ಕ್ ನೋಡಿಯೇ ಸೈಟು ತಗೊಂಡವರು, ಅವರನ್ನು ಯಾರು ಹೊರಗಿನವರು ಅನ್ನೋಕಾಗುತ್ತೆ? ನೀವು ಕಾಗದಪತ್ರ ಒದಗಿಸಿ.

ಕೆರೆ ಏರಿ: ಇದನ್ನು ನಾನು ಒಪ್ಪಲ್ಲ ಸರ್. ಸೈಟುದಾರರಿಬ್ಬರು ಹಾಕಿದರೆ ಒಂದು ದಿನ ಅವರನ್ನೇ ಕರೆದು ಸಮಾಧಾನ ಮಾಡಿಬಿಡುತ್ತಾರೆ, ಕೇಸು ವಾಪಸ್. ಪಿಐಎಲ್ ಆದರೆ ಅರ್ಜಿದಾರ ಮನಸ್ಸಿಗೆ ಬಂದಾಗ ವಾಪಸ್ ತಗೊಳ್ಳೋಕಾಗಲ್ಲ ಅಂತ ಶೀಲಾ ಬರ್ಸೆ ಕೇಸಿನಲ್ಲಿ ಹೇಳಿಲ್ವಾ?

ಹಳೇ ಕರಿಕೋಟು: ಹೇಳಿದೆ. ಒಳ್ಳೆ ಪಾಯಿಂಟು. ಹಾಗಾದರೆ ಬಾಡಿಗೆಗೆ ಇರೋರೂ ಸೈಟುದಾರರೂ ಜೊತೆಗೆ ಸೇರಿ ಪಿಐಎಲ್ ಹಾಕಬಹುದು, ಆದರೆ ಕ್ಲಿನಿಕ್ ಪ್ರಶ್ನೆ ಅಲ್ಲೂ ಬರುತ್ತೆ. ಪೀಠ ಯಾವುದು ಅನ್ನೋದರ ಮೇಲೂ ಇದೆ.

ಬಾಡಿಗೆ ಮನೆ: ಲೇಔಟಿನ ಸಂಘದ ಕಾರ್ಯದರ್ಶಿ ಹತ್ತಿರ ಹೋಗಿದ್ದೆ. "ಆಸ್ಪತ್ರೆ ಬಂದರೆ ಸೈಟ್ ರೇಟು ಏರುತ್ತೆ, ಸುಮ್ನಿರಿ" ಅಂದರು. ಇನ್ನೊಬ್ಬ ಅಜ್ಜಿ ಮಾತ್ರ ಸಹಿ ಹಾಕ್ತೀನಿ ಅಂದಿದ್ದಾರೆ, ಮೂಲ ಹಂಚಿಕೆ ಪತ್ರವೂ ಅವರ ಟ್ರಂಕಿನಲ್ಲಿದೆಯಂತೆ. ನಾಳೆ ಆರ್‌ಟಿಐ ಅರ್ಜಿ ಕೊಡುತ್ತೇನೆ.