‘ಕೇವಲ 1% ಬಡ್ಡಿ’ ಪಾಂಪ್ಲೆಟ್ ತಿದ್ದೋದು ಹೆಂಗ?

ಬಾಗಲಕೋಟಿ ಡಿಟಿಪಿ: ಒಂದು ಪತ್ತಿನ ಸಹಕಾರಿಯ ಪಾಂಪ್ಲೆಟ್ ಬಂದೈತಿ. ಮ್ಯಾಲ 60 ಪಾಯಿಂಟ್‌ನ್ಯಾಗ ‘ಕೇವಲ 1% ಬಡ್ಡಿ! 10 ನಿಮಿಷದಾಗ ಸಾಲ!*’ ಅಂತ. ಕೆಳಗ 6 ಪಾಯಿಂಟ್‌ನ್ಯಾಗ ಇಂಗ್ಲಿಷಿನಲ್ಲಿ ಷರತ್ತು. ಬಡ್ಡಿ, ಫೀ, ಯಾರಿಗೆ ಸಾಲ ಸಿಗತೈತಿ ಅನ್ನೋದು ತಲೆಬರಹದಷ್ಟೇ ಕಾಣೂ ಹಂಗ ಮಾಡಬೇಕಂತ ನನಗ ಆಸೆ. ಬರೇ ಅಕ್ಷರ ದೊಡ್ಡದು ಮಾಡಿದರ ಸಾಕೇನ್ರಿ?

ಮುಧೋಳ ಹುಡುಗ: ಅಣ್ಣಾ, ಆ ಸಹಕಾರಿ ನಂಬರ್ ಹಾಕ್ರಿ. 50 ಸಾವಿರ ಬೇಕಾಗಿತ್ತು.

ಬಾಗಲಕೋಟಿ ಡಿಟಿಪಿ: ತಮ್ಮಾ, ಸಾಲ ನಾ ಕೊಡೂದಿಲ್ಲ, ಪಾಂಪ್ಲೆಟ್ ಅಷ್ಟ ಮಾಡ್ತೀನಿ.

ವಿಜಯಪುರ ಕಾಮರ್ಸ್: ಇದಕ್ಕ ಕಾನೂನೇ ಐತಿ. 2024ರ ಅಕ್ಟೋಬರ್ 1ರಿಂದ ಆರ್‌ಬಿಐ ಪ್ರಕಾರ ಎಲ್ಲಾ ಖರ್ಚು ಸೇರಿಸಿದ ವಾರ್ಷಿಕ ದರ ತೋರಿಸಲೇಬೇಕು. ಜಾಹೀರಾತಿನ್ಯಾಗ ಹಾಕಲಿಲ್ಲ ಅಂದ್ರ ದಂಡ.

ನಿವೃತ್ತ ಮ್ಯಾನೇಜರ್, ಬೆಳಗಾವಿ: ಅರ್ಧ ಸರಿ. ನೀವು ಹೇಳುವ ನಿಯಮ ಸಾಲ ಪಡೆಯುವವರ ಕೈಗೆ ಕೊಡಬೇಕಾದ ಮುಖ್ಯಾಂಶಗಳ ಪತ್ರದ್ದು. ಅದು ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ. ಪತ್ತಿನ ಸಹಕಾರಿ ಆರ್‌ಬಿಐ ಕೈಕೆಳಗೆ ಬರುವುದಿಲ್ಲ. ಜಾಹೀರಾತಿಗೆ ನೋಡಬೇಕಾದ್ದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ. ಷರತ್ತು ಜಾಹೀರಾತಿನ ಭಾಷೆಯಲ್ಲೇ, ಅದೇ ಫಾಂಟಿನಲ್ಲಿ, ಎದ್ದು ಕಾಣುವ ಜಾಗದಲ್ಲಿ ಇರಬೇಕು. ತಲೆಬರಹ ದಾರಿ ತಪ್ಪಿಸುವಂತಿದ್ದರೆ ಕೆಳಗಿನ ಷರತ್ತಿನಿಂದ ಅದನ್ನು ಸರಿ ಮಾಡಲಿಕ್ಕೂ ಬರುವುದಿಲ್ಲ. ಆ ಇಂಗ್ಲಿಷ್ ಷರತ್ತಿನಲ್ಲಿ ಏನಿದೆ?

ಬಾಗಲಕೋಟಿ ಡಿಟಿಪಿ: ತಿಂಗಳಿಗೆ 1%, ಫ್ಲ್ಯಾಟ್. 2% ಪ್ರೊಸೆಸಿಂಗ್ ಫೀ, ಅದರ ಮ್ಯಾಲ ಜಿಎಸ್‌ಟಿ. ಸದಸ್ಯರಿಗೆ ಮಾತ್ರ, ಇಬ್ಬರು ಜಾಮೀನುದಾರರು.

ನಿವೃತ್ತ ಮ್ಯಾನೇಜರ್, ಬೆಳಗಾವಿ: ಹಾಗಿದ್ದರೆ 10 ನಿಮಿಷದ ಮಾತು ಮೊದಲು ಹೊಡೆದುಹಾಕಿ. ಇಬ್ಬರು ಜಾಮೀನುದಾರರನ್ನು ಒಪ್ಪಿಸಿ ಕರೆತರುವುದಕ್ಕೇ ಎರಡು ದಿನ ಬೇಕು.

ಇನ್ನು ಬಡ್ಡಿ. 24 ತಿಂಗಳಿಗೆ ಒಂದು ಲಕ್ಷ ಅಂತ ಹಿಡಿಯಿರಿ. ಬಡ್ಡಿ 24,000, ಕಂತು ಸುಮಾರು 5,167. ಹನ್ನೆರಡು ಕಂತು ಕಟ್ಟಿದಾಗ ಅರ್ಧ ಅಸಲು ತೀರಿರುತ್ತದೆ, ಆದರೂ ಹದಿಮೂರನೇ ತಿಂಗಳ ಬಡ್ಡಿ ಪೂರಾ ಲಕ್ಷದ ಮೇಲೇ ಬೀಳುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ 21.5ರ ಮೇಲಾಯಿತು. ಫೀ 2,000, ಜಿಎಸ್‌ಟಿ 360 ಮುರಿದುಕೊಂಡು ಕೈಗೆ ಕೊಡುವುದು 97,640. ಅದನ್ನೂ ಹಿಡಿದರೆ 24 ಚಿಲ್ಲರೆ. ಎಕ್ಸೆಲ್‌ನಲ್ಲಿ ಹಾಕಿ ನೋಡಿ:

```
=RATE(24,-5167,97640)*12
```

ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ, ನೂರಕ್ಕೆ ಒಂದು ರೂಪಾಯಿ ಅಂತ ಬರೆದದ್ದು ನೂರಕ್ಕೆ ಎರಡು ರೂಪಾಯಿ.

ಬನಹಟ್ಟಿ ಮಗ್ಗದ ಅಕ್ಕ: ನನಗೂ ಹಿಂಗ ಆಗಿತ್ರಿ. ಮಗ್ಗದ ರಿಪೇರಿಗೆ ಲಕ್ಷ ಕೇಳಿದ್ದೆ. ಷೇರು ಹಣ ಅಂತ ಐದು ಸಾವಿರ, ಫೀ ಬ್ಯಾರೆ ಹಿಡಿದ್ರು. ಮೋಟಾರಿಗೆ ಕಮ್ಮಿ ಬಿದ್ದದ್ದನ್ನ ತವರಿಂದ ತಂದೆ. ಬಡ್ಡಿ ಎಷ್ಟಂತ ಯಾರ ಕೇಳ್ತಾರ್ರಿ, ಕೈಗೆ ಎಷ್ಟು ಬರತೈತಿ, ತಿಂಗಳಾ ಎಷ್ಟು ಕಟ್ಟಬೇಕು, ಅದನ್ನ ದೊಡ್ಡದಾಗಿ ಬರೀರಿ.

ನಿವೃತ್ತ ಮ್ಯಾನೇಜರ್, ಬೆಳಗಾವಿ: ಅಕ್ಕನವರ ಮಾತೇ ಸರಿಯಾದ ತಲೆಬರಹ. ಷೇರು ಹಣ ಖರ್ಚಲ್ಲ, ಸದಸ್ಯತ್ವ ಬಿಟ್ಟಾಗ ವಾಪಸ್ ಬರುವ ಹಣ. ಆದರೆ ಸಾಲದಲ್ಲೇ ಮುರಿದುಕೊಳ್ಳುವುದಿದ್ದರೆ ‘ಕೈಗೆ ಸಿಗುವುದು’ ಅನ್ನುವ ಅಂಕಿಯಿಂದ ಅದನ್ನೂ ಕಳೆಯಬೇಕು. ಡಿಟಿಪಿಯವರೇ, ಇದನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ.

ಬಾಗಲಕೋಟಿ ಡಿಟಿಪಿ: ಕೇಳಿದೆ. ಷೇರು ಬ್ಯಾರೆ ಕಟ್ಟಿಸ್ಕೋತಾರಂತ, ಸಾಲದಾಗ ಹಿಡಿಯೂದಿಲ್ಲ. ಹೊಸಾದು ಹಿಂಗ ಬರದೇನಿ, ಎಲ್ಲಾ ಒಂದೇ ಫಾಂಟ್:

‘ಸದಸ್ಯರಿಗೆ 1 ಲಕ್ಷ ಸಾಲ. ಕೈಗೆ ಸಿಗುವುದು 97,640. ತಿಂಗಳ ಕಂತು 5,167, ಒಟ್ಟು 24 ಕಂತು. ಫೀ, ಜಿಎಸ್‌ಟಿ ಸೇರಿ ವರ್ಷಕ್ಕೆ ಸುಮಾರು 24%. ಇಬ್ಬರು ಜಾಮೀನುದಾರರು ಬೇಕು.’

ವಿಜಯಪುರ ಕಾಮರ್ಸ್: ಎದುರಿನ ಸಹಕಾರಿ ಬೋರ್ಡಿನ್ಯಾಗ ‘1%’ ಇದ್ದು ಇವರದರಾಗ ‘24%’ ಇದ್ರ ಯಾವ ಗಿರಾಕಿ ಒಳಗ ಬರ್ತಾನ್ರಿ? ‘ತಿಂಗಳಿಗೆ 1% ಫ್ಲ್ಯಾಟ್’ ಅಂತ ಪೂರ್ತಿ ಬರೆದರ ಸುಳ್ಳೇನಲ್ಲ.

ನಿವೃತ್ತ ಮ್ಯಾನೇಜರ್, ಬೆಳಗಾವಿ: ಸುಳ್ಳಲ್ಲ, ನಿಜ. ಆದರೆ ಫ್ಲ್ಯಾಟ್ ಅಂದರೇನು ಅಂತ ನಾನು ಕೌಂಟರ್‌ನಲ್ಲಿ ಕೂತ ಕಾಲದಲ್ಲಿ ನೂರು ಜನರಿಗೆ ಬಿಡಿಸಿ ಹೇಳಿರಬೇಕು. ಪಾಂಪ್ಲೆಟ್ ಅಷ್ಟು ಮಾತಾಡುವುದಿಲ್ಲ. ಬೇಕಿದ್ದರೆ ಎರಡನ್ನೂ ಅಕ್ಕಪಕ್ಕ, ಒಂದೇ ಗಾತ್ರದಲ್ಲಿ ಹಾಕಿ.

ವಿಜಯಪುರ ಕಾಮರ್ಸ್: ಎರಡು ದರ ನೋಡಿದ್ರ ಜನ ಮತ್ತಷ್ಟು ಗೊಂದಲ ಆಗ್ತಾರ.

ಬಾಗಲಕೋಟಿ ಡಿಟಿಪಿ: ಪ್ರೂಫ್ ತಗದು ಅವ್ವಗ ಕೊಟ್ಟೆ, ಚಾಳೀಸು ಹಾಕ್ಕೊಬ್ಯಾಡ ಅಂದು. ಹಳೇದರಾಗ ತಲೆಬರಹ ಓದಿ ಕೆಳಗ ಇಟ್ಟಳು. ಕೆಳಗಿನದನ್ನ ಅದೇ 6 ಪಾಯಿಂಟ್‌ನ್ಯಾಗ ಕನ್ನಡ ಮಾಡಿ ಕೊಟ್ಟೆ. ಒತ್ತಕ್ಷರ ಶಾಯಿ ತುಂಬಿ ಇರುವಿ ಸಾಲಾಗಿದ್ವು. ಹೊಸಾದು ಓದಿ ಕೇಳಿದ್ದು, ‘ಜಾಮೀನಿಗೆ ಯಾರು ಬರ್ತಾರ?’ ಚೇರ್ಮನ್ನರು ಕೈಗೆ ಸಿಗೂದು, ಕಂತು, ಜಾಮೀನು ಮೂರೂ ಒಪ್ಯಾರ. 24%ರ ಸಾಲಿಗೆ ಪೆನ್ಸಿಲ್‌ನಿಂದ ಗೀಟು ಹೊಡದಾರ. ಸಂಜೀಕ ಆ ಎಕ್ಸೆಲ್ ತಗೊಂಡು ಮತ್ತ ಹೊಂಟೀನಿ.