ಅಪ್‌ಡೇಟ್: ದೋಣಿ ಲೆಕ್ಕದ ತಪ್ಪು ಸಿಕ್ಕಿತು

ನನ್ನ ಪ್ರಶ್ನೆ: "ನದಿಯ ಅಗಲ 120 ಮೀಟರ್, ಹರಿವು 3 ಮೀ/ಸೆ. ನೇರ ಎದುರು ದಡಕ್ಕೆ ಮುಖಮಾಡಿದ ದೋಣಿಯ ವೇಗ 4 ಮೀ/ಸೆ. ದೋಣಿ ಕೆಳಕ್ಕೆ ಜಾರುವ ದೂರ ನನಗೆ 72 ಮೀಟರ್ ಬರುತ್ತಿದೆ, ಉತ್ತರ 90. ತಪ್ಪೆಲ್ಲಿ?"

ಸದಿಶ ಚಿತ್ರ ಸರಿಯಾಗಿಯೇ ಇತ್ತು: ದೋಣಿಯ ಬಾಣದ ತುದಿಯಿಂದ ಹರಿವಿನ ಬಾಣ, ಫಲಿತ ವೇಗ 5 ಮೀ/ಸೆ. ಎಡವಿದ್ದು ಆಮೇಲೆ. ಅಗಲವನ್ನು ಆ 5ರಿಂದಲೇ ಭಾಗಿಸಿ 24 ಸೆಕೆಂಡ್ ಎಂದುಕೊಂಡಿದ್ದೆ.

ಯಾದಗಿರಿಯಲ್ಲಿ ಭೀಮಾ ದಡದಲ್ಲೇ ಬೆಳೆದ ನಮ್ಮ ಕಾಕಾ ಹಾಳೆ ನೋಡಿ, "ಹರಿವು ನಿನ್ನನ್ನು ಕೆಳಕ್ಕೆ ಒಯ್ಯುತ್ತದೆಯೇ ಹೊರತು ದಾಟಿಸುತ್ತದೆಯೇನು?" ಎಂದರು. ದಾಟಿಸುವುದು 4 ಮಾತ್ರ. ಹಾಗಾಗಿ 120 ÷ 4 = 30 ಸೆಕೆಂಡ್, ಜಾರಿದ್ದು 3 × 30 = 90 ಮೀಟರ್.

ತಾಳೆ ನೋಡಿದೆ: ದೋಣಿ ಸಾಗಿದ ಓರೆದಾರಿ 150 ಮೀಟರ್. ಅದನ್ನು 5ರಿಂದ ಭಾಗಿಸಿದರೂ 30 ಸೆಕೆಂಡೇ. ಫಲಿತ ವೇಗಕ್ಕೆ ಜೊತೆ ಓರೆದಾರಿ, ಅಗಲವಲ್ಲ.